ಒಂದೇ ಪ್ರಾಜೆಕ್ಟ್, ಎರಡು ಬಗೆಯ ಆಬ್ಜೆಕ್ಟಿವ್

ಇಂಜಿನಿಯರಿಂಗ್ ಕೊನೆಯ ವರ್ಷ ನಾವು ನಾಲ್ವರು ಮಾಡಿದ್ದು ಮಣ್ಣಿನ ತೇವ ನೋಡಿ ತಾನಾಗೇ ನೀರು ಬಿಡುವ ಪ್ರಾಜೆಕ್ಟ್. ಅದರ ಆಬ್ಜೆಕ್ಟಿವನ್ನು ಎರಡು ಸಲ ಬರೆದೆವು.

ಮೊದಲನೆಯದು ಹೀಗಿತ್ತು: “ಮಣ್ಣಿನ ತೇವ ನಿಖರವಾಗಿ ಅಳೆದು ನೀರು ಉಳಿಸುವ, ಕಡಿಮೆ ಖರ್ಚಿನ ವ್ಯವಸ್ಥೆ ರೂಪಿಸುವುದು.” ಬರೆಯಲು ಹತ್ತು ನಿಮಿಷ ಸಾಕಾಯಿತು, ರಿವ್ಯೂನಲ್ಲೂ ಯಾರೂ ತಕರಾರು ತೆಗೆಯಲಿಲ್ಲ. ತೊಂದರೆ ಏನೆಂದರೆ, ಏನು ಮಾಡಿದರೂ ಕೆಲಸ ಮುಗಿದ ಹಾಗೇ ಕಾಣುತ್ತಿತ್ತು. ನೀರು ಹಾಕಿದರೆ ಸೆನ್ಸರ್ ಸಂಖ್ಯೆ ಬದಲಾಗುತ್ತಿತ್ತು, ಪಂಪ್ ಆನ್ ಆಗುತ್ತಿತ್ತು. ಇನ್ನೇನು ಬೇಕು, ಅಲ್ವಾ? “ಯಾವುದಕ್ಕೆ ಹೋಲಿಸಿ ನಿಖರ?” ಎಂದು ಗೈಡ್ ಮೇಡಂ ಕೇಳಿದಾಗ ನಾಲ್ವರೂ ಸುಮ್ನೆ ನಿಂತೆವು.

ಗುರಿ ಸ್ಪಷ್ಟವಾಗಿರಬೇಕು, ಅಳೆಯುವಂತಿರಬೇಕು, ಗಡುವು ಇರಬೇಕು ಎಂಬಂಥ ಐದು ಷರತ್ತುಗಳ ಇಂಗ್ಲಿಷ್ ಮೊದಲಕ್ಷರ ಸೇರಿ ಸ್ಮಾರ್ಟ್ ಆಗುತ್ತದೆ. ಎರಡನೆಯದನ್ನು ಈ ಸ್ಮಾರ್ಟ್ ಮಾನದಂಡ ಇಟ್ಟುಕೊಂಡು ಬರೆದೆವು: “ಮಾರ್ಚ್ 15ರೊಳಗೆ, ಕೆಂಪು ಮಣ್ಣಿನ 20 ಮಾದರಿಗಳಲ್ಲಿ, ಸೆನ್ಸರ್ ತೋರಿಸುವ ತೇವ ಓವನ್‌ನಲ್ಲಿ ಒಣಗಿಸಿ ತೂಗಿದ ಲೆಕ್ಕಕ್ಕಿಂತ ಸರಾಸರಿ 3 ಶೇಕಡಾ ಅಂಶಕ್ಕಿಂತ ಹೆಚ್ಚು ತಪ್ಪಬಾರದು, ಮೂರು ವಾರ ಮಣ್ಣಲ್ಲಿದ್ದ ಮೇಲೂ.” ಇದಕ್ಕೆ ಎರಡು ದಿನ ಹಿಡಿಯಿತು.

ಈ ವಾಕ್ಯವೇ ಪರೀಕ್ಷೆಯ ದಾರಿ ಹೇಳಿಕೊಟ್ಟಿತು. ಒದ್ದೆ ಮಣ್ಣು ತೂಗಬೇಕು, 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ದಿನ ಒಣಗಿಸಿ ಮತ್ತೆ ತೂಗಬೇಕು. 60 ಗ್ರಾಂ ಇದ್ದದ್ದು 50ಕ್ಕೆ ಇಳಿದರೆ, ಹೋದ 10 ಗ್ರಾಂ ನೀರನ್ನು ಒಣ ತೂಕ 50ರಿಂದ ಭಾಗಿಸಿ: ತೇವ 20%. ಅದೇ ಮಣ್ಣಿಗೆ ಸೆನ್ಸರ್ 26 ಅಂದರೆ 6 ಅಂಶ ತಪ್ಪು.

“ಮೂರು ವಾರ” ಎಂಬ ಮಾತು ಇನ್ನೂ ದೊಡ್ಡ ಗುಟ್ಟು ಬಿಚ್ಚಿತು. ನಮ್ಮದು ಎರಡು ಕಡ್ಡಿಗಳ ನಡುವೆ ಕರೆಂಟ್ ಹರಿಸುವ ಅಗ್ಗದ ಸೆನ್ಸರ್. ಸದಾ ಆನ್ ಇಟ್ಟಿದ್ದರಿಂದ ಕಡ್ಡಿ ತುಕ್ಕು ಹಿಡಿದು, ಅದೇ ತೇವಕ್ಕೆ ಸಂಖ್ಯೆ ಜಾರತೊಡಗಿತು. ಲೋಹ ಮಣ್ಣಿಗೆ ತಾಗದ ಕೆಪಾಸಿಟಿವ್ ಸೆನ್ಸರಿಗೆ ಬದಲಾದೆವು. ಮೊದಲ ಆಬ್ಜೆಕ್ಟಿವ್ ಇದ್ದಿದ್ದರೆ ಡೆಮೊ ದಿನ ಹೊಸ ಸೆನ್ಸರ್ ಚುಚ್ಚಿ ಪಾರಾಗುತ್ತಿದ್ದೆವು.

1981ರಲ್ಲಿ ಮ್ಯಾನೇಜ್‌ಮೆಂಟ್ ಸಲಹೆಗಾರ ಜಾರ್ಜ್ ಡೋರನ್ ಸ್ಮಾರ್ಟ್ ಮಾನದಂಡ ಬರೆದಾಗ ಅದರ ‘ಎ’ ಅಂದರೆ ಯಾರ ಪಾಲಿಗೆ ಆ ಕೆಲಸ ಎಂದಿತ್ತು. ಸಾಧಿಸಬಲ್ಲದ್ದು ಎಂಬ ಅರ್ಥವೇ ಈಗ ಜಾಸ್ತಿ ಓಡಾಡುತ್ತದೆ. ನಾಲ್ವರ ತಂಡಕ್ಕೆ ಹಳೆಯದೇ ವಾಸಿ. ಓವನ್ ಲೆಕ್ಕ ಒಬ್ಬಳ ಹೆಸರಲ್ಲಿತ್ತು, ಅದೊಂದು ಕೆಲಸ ಮಾತ್ರ ತಡವಾಗಲಿಲ್ಲ.

ಎರಡನೆಯದರಲ್ಲೂ ಎಡವಿದ್ದೇವೆ. “ನೀರು 30% ಉಳಿಸುವುದು” ಅಂತ ಸೇರಿಸಿದ್ದೆವು. ಅಳೆಯಬಹುದಾದ ಸಂಖ್ಯೆಯೇನೋ ಹೌದು. ಆದರೆ ಯಾವುದಕ್ಕಿಂತ 30? ಪಕ್ಕದಲ್ಲೇ ಅದೇ ಬೆಳೆ ಇಟ್ಟು, ಟೈಮರಿನಿಂದ ನೀರು ಬಿಟ್ಟು, ಎರಡೂ ಕಡೆ ಮೀಟರ್ ಹಾಕಬೇಕಿತ್ತು. ಅಷ್ಟು ಜಾಗವೂ ಇಲ್ಲ, ದಿನವೂ ಇಲ್ಲ. ಸಾಲು ಹೊಡೆದು ಹಾಕಿದೆವು. 3 ಅಂಶವೂ ಊಹೆಯೇ. ಮೊದಲೇ ಮೂರ್ನಾಲ್ಕು ಮಾದರಿ ಒಣಗಿಸಿ ನೋಡಿ ಆ ಸಂಖ್ಯೆ ಹಾಕಬೇಕಿತ್ತು.

ಕೊನೆಗೆ ಬಂದ ಸರಾಸರಿ 4. ಗುರಿ ಮುಟ್ಟಲಿಲ್ಲ ಎಂದು ರಿಪೋರ್ಟಿನಲ್ಲೇ ಬರೆದೆವು. ವೈವಾದಲ್ಲಿ ಪರೀಕ್ಷಕರು ಅರ್ಧ ಹೊತ್ತು ಆ 4ರ ಬಗ್ಗೆಯೇ ಕೇಳಿದರು, ಈ ಸಲ ನಾಲ್ವರಿಗೂ ಉತ್ತರ ಇತ್ತು.