ಸಾಂಸ್ಕೃತಿಕ ಸಂಜೆಯ ಕಾರ್ಯಕ್ರಮ ಪಟ್ಟಿ: ಸ್ಪೇಸ್, ಟ್ಯಾಬ್, ಟೇಬಲ್, ಶೀಟ್ ಇವುಗಳಲ್ಲಿ ಯಾವುದು ಕೈಹಿಡಿಯುತ್ತದೆ?

ನಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವದ ಸಂಜೆಗೆ ಕಾರ್ಯಕ್ರಮ ಪಟ್ಟಿ ಮಾಡುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಸಮಯ, ಕಾರ್ಯಕ್ರಮ, ಕಲಾವಿದರು ಅಂತ ಮೂರು ಕಾಲಂ. ನೋಡಲು ಸುಲಭ ಅನ್ನಿಸುತ್ತದೆ. ಆದರೆ ಈ ಹಾಳೆ ನಿರೂಪಕರ ಕೈಯಲ್ಲಿರುತ್ತದೆ, ಸೌಂಡ್‌ನವರ ಮೇಜಿನ ಮೇಲಿರುತ್ತದೆ, ಮೇಕಪ್ ಕೋಣೆಯ ಬಾಗಿಲಿಗೂ ಅಂಟಿರುತ್ತದೆ. ಮೂರೂ ಕಡೆ ಒಂದೇ ಥರ ಓದಿಸಿಕೊಳ್ಳಬೇಕು. ಕೊನೇ ದಿನ ಮಧ್ಯಾಹ್ನ ಕಾರ್ಯಕ್ರಮ ಹಿಂದೆಮುಂದೆ ಆದರೆ ಹತ್ತು ನಿಮಿಷದಲ್ಲಿ ತಿದ್ದಿ ಮತ್ತೆ ಪ್ರಿಂಟ್ ತೆಗೆಯಲೂ ಆಗಬೇಕು. ಈ ಎರಡು ಅಳತೆಗೋಲು ಇಟ್ಟುಕೊಂಡು ನಾನು ಬಳಸಿ ನೋಡಿದ ದಾರಿಗಳನ್ನು ಹೋಲಿಸುತ್ತೇನೆ.

ಮೊದಲು ಸ್ಪೇಸ್ ಒತ್ತಿ ಕಾಲಂ ಸಾಲು ಮಾಡುವ ದಾರಿ. ಎಷ್ಟೋ ಜನ ಇವತ್ತಿಗೂ ಹೀಗೇ ಮಾಡುತ್ತಾರೆ. ಕನ್ನಡದಲ್ಲಿ ಇದು ಕೂಡಿಬರುವುದೇ ಇಲ್ಲ. ‘ರ’ ಅಕ್ಷರಕ್ಕೂ ‘ಮಾ’ ಅಕ್ಷರಕ್ಕೂ ಅಗಲ ಬೇರೆ, ಫಾಂಟ್ ಬದಲಾದರೆ ಅದೂ ಬದಲಾಗುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ನೆಟ್ಟಗೆ ಕಂಡ ಕಾಲಂ ಇನ್ನೊಬ್ಬರ ಫೋನಿನಲ್ಲಿ ಹಾವಿನ ಹಾಗೆ ಡೊಂಕಾಗಿರುತ್ತದೆ. ವಾಟ್ಸಾಪ್‌ನಲ್ಲಿ ಮೂರು ಬ್ಯಾಕ್‌ಟಿಕ್ ಹಾಕಿದರೆ ಎಲ್ಲ ಅಕ್ಷರಕ್ಕೂ ಒಂದೇ ಅಗಲ ಬರುತ್ತದಲ್ಲ ಅಂತ ಕೇಳಬಹುದು. ಅದು ಇಂಗ್ಲಿಷ್ ಅಕ್ಷರ, ಅಂಕಿಗಳಿಗೆ ಮಾತ್ರ. ಕನ್ನಡ ಅಕ್ಷರಗಳು ಅಲ್ಲೂ ತಮ್ಮ ಅಗಲದಲ್ಲೇ ಕೂರುತ್ತವೆ. ಹಾಗಾಗಿ ವಾಟ್ಸಾಪ್‌ಗೆ ಕಾಲಂ ಆಸೆಯನ್ನೇ ಬಿಡಿ. ಒಂದು ಸಾಲಲ್ಲಿ ಸಮಯ ಮತ್ತು ಕಾರ್ಯಕ್ರಮ, ಕೆಳಗಿನ ಸಾಲಲ್ಲಿ ಹೆಸರುಗಳು ಅಂತ ಬರೆಯಿರಿ, ಇಲ್ಲವೇ ಪಿಡಿಎಫ್ ಕಳಿಸಿ.

ಎರಡನೆಯದು ವರ್ಡ್‌ನಲ್ಲಿ ಟ್ಯಾಬ್ ಸ್ಟಾಪ್. ಮೇಲಿನ ರೂಲರ್ ಮೇಲೆ ಬೇಕಾದ ಕಡೆ ಕ್ಲಿಕ್ ಮಾಡಿ ಗುರುತು ಇಟ್ಟರೆ, ಟ್ಯಾಬ್ ಒತ್ತಿದಾಗೆಲ್ಲ ಅಕ್ಷರ ಸರಿಯಾಗಿ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಫಾಂಟ್ ಯಾವುದಾದರೂ ಕಾಲಂ ಜರುಗುವುದಿಲ್ಲ. ಒಂದೊಂದು ಸಾಲಿನಲ್ಲಿ ಮುಗಿಯುವ ಚಿಕ್ಕ ಪಟ್ಟಿಗೆ, ಉದಾಹರಣೆಗೆ ಆಮಂತ್ರಣ ಪತ್ರಿಕೆಯ ಹಿಂಬದಿಗೆ, ನನಗೆ ಇದೇ ಇಷ್ಟ. ಗೆರೆಗಳಿಲ್ಲದೆ ಹಾಳೆ ಹಗುರವಾಗಿ ಕಾಣುತ್ತದೆ. ಕಾರ್ಯಕ್ರಮಕ್ಕೂ ಹೆಸರಿಗೂ ನಡುವೆ ಚುಕ್ಕಿ ಸಾಲು ಬೇಕಿದ್ದರೆ ಟ್ಯಾಬ್ ಸ್ಟಾಪ್‌ನಲ್ಲೇ ಅದನ್ನು ಆರಿಸಬಹುದು, ಕೈಯಲ್ಲಿ ಚುಕ್ಕಿ ಒತ್ತಬೇಕಿಲ್ಲ.

ಇದು ಸೋಲುವುದು ಮಕ್ಕಳ ನೃತ್ಯದ ಸಾಲಿಗೆ ಬಂದಾಗ. ಹನ್ನೆರಡು ಮಕ್ಕಳು ಕುಣಿಯುತ್ತಾರೆ ಅಂದರೆ ಹನ್ನೆರಡು ಹೆಸರೂ ಇರಲೇಬೇಕು. ಅಪ್ಪ ಅಮ್ಮ ಪಟ್ಟಿಯಲ್ಲಿ ಮೊದಲು ಹುಡುಕುವುದೇ ಅದನ್ನು, ‘ಮತ್ತು ತಂಡ’ ಅಂತ ಬರೆದು ಮುಗಿಸುವುದು ನನಗೆ ಒಪ್ಪುವ ಮಾತಲ್ಲ. ಅಷ್ಟು ಹೆಸರು ಒಂದು ಸಾಲಲ್ಲಿ ಹಿಡಿಯುವುದಿಲ್ಲ. ಎರಡನೇ ಸಾಲು ಹಾಳೆಯ ಎಡ ಅಂಚಿಗೆ, ಸಮಯದ ಕಾಲಂ ಕೆಳಗೆ ಬಂದು ಬೀಳುತ್ತದೆ. ರೂಲರ್‌ನಲ್ಲಿ ಹ್ಯಾಂಗಿಂಗ್ ಇಂಡೆಂಟನ್ನು ಕೊನೇ ಕಾಲಂ ತನಕ ಎಳೆದರೆ ಹೆಸರುಗಳೇನೋ ಅಲ್ಲೇ ಉಳಿಯುತ್ತವೆ. ಆದರೆ ನಡುವಿನ ಕಾಲಂನಲ್ಲಿ ಕಾರ್ಯಕ್ರಮದ ಹೆಸರೂ ಉದ್ದವಾದರೆ ಟ್ಯಾಬ್ ಕೈಚೆಲ್ಲುತ್ತದೆ.

ಅಲ್ಲಿಗೆ ಮೂರನೆಯದು, ವರ್ಡ್ ಟೇಬಲ್. ಪ್ರೇಕ್ಷಕರ ಕೈಗೆ ಕೊಡುವ ಹಾಳೆಗೆ ನಾನು ಈಗ ಬೇರೆ ಏನನ್ನೂ ಬಳಸುವುದಿಲ್ಲ. ಪ್ರತಿ ಹೆಸರೂ ತನ್ನ ಮನೆಯೊಳಗೇ ಮಡಚಿಕೊಳ್ಳುತ್ತದೆ, ಪಕ್ಕದ ಕಾಲಂಗೆ ನುಗ್ಗುವುದಿಲ್ಲ. ಮೂರು ಸೆಟ್ಟಿಂಗ್ ಮಾತ್ರ ಮೊದಲೇ ನೋಡಿಕೊಳ್ಳಬೇಕು. ಒಂದು, ಆಟೋಫಿಟ್‌ನಲ್ಲಿ `Fixed Column Width` ಆರಿಸಿ, ಇಲ್ಲದಿದ್ದರೆ ಒಂದು ಉದ್ದದ ಪದ ಬಂದ ಕೂಡಲೇ ಎಲ್ಲ ಕಾಲಂಗಳೂ ಅತ್ತಿತ್ತ ಸರಿಯುತ್ತವೆ. ಎರಡು, ಸಾಲಿನ ಎತ್ತರ `Exactly` ಅಂತ ಇದ್ದರೆ `At least` ಮಾಡಿ. ಇದು ಕನ್ನಡಕ್ಕೆ ತುಂಬ ಮುಖ್ಯ, ಯಾಕೆಂದರೆ ಎತ್ತರವನ್ನು ಬಿಗಿಯಾಗಿ ಕಟ್ಟಿಹಾಕಿದರೆ ‘ಲಕ್ಷ್ಮೀ’, ‘ಕೃಷ್ಣ’ ಇಂಥ ಹೆಸರುಗಳ ಒತ್ತಕ್ಷರದ ತಳವೇ ಕತ್ತರಿಸಿ ಹೋಗುತ್ತದೆ. ಮೂರು, ಪಟ್ಟಿ ಎರಡನೇ ಪುಟಕ್ಕೆ ಹೋದರೆ `Repeat Header Rows` ಒತ್ತಿ, ತಲೆಸಾಲು ಅಲ್ಲೂ ಬರುತ್ತದೆ. ಗೆರೆ ಬೇಡ ಅನ್ನುವವರು ಬಾರ್ಡರ್ ತೆಗೆದು, ಸಾಲುಗಳ ನಡುವೆ ತೆಳು ಅಡ್ಡಗೆರೆ ಮಾತ್ರ ಬಿಡಿ. ಸಮಯದ ಕಾಲಂ ಬಲಕ್ಕೆ ಸರಿಸಿ ಕೂರಿಸಿದರೆ 9:50 ಮತ್ತು 10:00 ಒಂದರ ಕೆಳಗೊಂದು ಸರಿಯಾಗಿ ನಿಲ್ಲುತ್ತವೆ.

ಸಾಲುಗಳನ್ನು ಹಿಂದೆಮುಂದೆ ಮಾಡುವುದೂ ಇಲ್ಲಿ ಸಲೀಸು. ಕರ್ಸರನ್ನು ಆ ಸಾಲಿನಲ್ಲಿಟ್ಟು `Alt+Shift` ಜೊತೆ ಮೇಲಿನ ಅಥವಾ ಕೆಳಗಿನ ಬಾಣದ ಕೀ ಒತ್ತಿದರೆ ಇಡೀ ಸಾಲು ಏರುತ್ತದೆ, ಇಳಿಯುತ್ತದೆ. ತೊಂದರೆ ಏನೆಂದರೆ, ಸಾಲಿನ ಜೊತೆ ಅದರ ಹಳೇ ಸಮಯವೂ ಹೋಗುತ್ತದೆ. ಆಮೇಲೆ ಎಲ್ಲ ಸಮಯವನ್ನೂ ಮನಸ್ಸಲ್ಲೇ ಕೂಡಿ ಬರೆಯಬೇಕು. ಮಧ್ಯಾಹ್ನದ ಗಡಿಬಿಡಿಯಲ್ಲಿ ಅದು ನಂಬುವ ಕೆಲಸವಲ್ಲ.

ಇದಕ್ಕೇ ನಾಲ್ಕನೆಯದು ಬೇಕು, ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್. ಇಲ್ಲಿ ಸಮಯವನ್ನು ನಾವು ಬರೆಯುವುದಿಲ್ಲ, ಅದೇ ಲೆಕ್ಕ ಹಾಕಿಕೊಳ್ಳುತ್ತದೆ. ನನ್ನ ಶೀಟಿನಲ್ಲಿ ಐದು ಕಾಲಂ: ಸಮಯ, ನಿಮಿಷ, ತಯಾರಿ, ಕಾರ್ಯಕ್ರಮ, ಕಲಾವಿದರು. ‘ತಯಾರಿ’ ಅಂದರೆ ಒಂದು ತಂಡ ಇಳಿದು ಮುಂದಿನದು ವೇದಿಕೆಗೆ ಹತ್ತಿ ಸಿದ್ಧವಾಗಲು ಬೇಕಾದ ನಿಮಿಷಗಳು. ಒಂದನೇ ಸಾಲು ಕಾಲಂಗಳ ಹೆಸರಿಗೆ. ಮೊದಲ ಕಾರ್ಯಕ್ರಮದ ಸಮಯ ಮಾತ್ರ `A2` ಮನೆಯಲ್ಲಿ ಕೈಯಲ್ಲಿ ಬರೆದು, ಅದರ ಕೆಳಗಿನ ಮನೆಯಲ್ಲಿ ಇದನ್ನು ಹಾಕಿ ಕೊನೇ ತನಕ ಎಳೆಯುತ್ತೇನೆ:

```
=A2+(B2+C2)/1440
```

ಶೀಟಿಗೆ ಒಂದು ದಿನ ಅಂದರೆ 1, ದಿನದಲ್ಲಿ 1440 ನಿಮಿಷ, ಅದಕ್ಕೇ ಈ ಭಾಗಾಕಾರ. ಸಮಯದ ಮನೆಗಳ ಫಾರ್ಮ್ಯಾಟ್ `h:mm` ಇರಲಿ.

ಒಂದು ಸಂಜೆಯನ್ನೇ ಹಾಕಿ ನೋಡೋಣ. 6:00ಕ್ಕೆ ನಾಡಗೀತೆ, ದೀಪ ಬೆಳಗುವುದು, 10 ನಿಮಿಷ. ನಾಡಗೀತೆಗೆ ಸರ್ಕಾರ 2022ರಲ್ಲಿ ಎರಡೂವರೆ ನಿಮಿಷ ಅಂತ ಗೊತ್ತುಮಾಡಿದೆ, ಉಳಿದದ್ದು ಗಣ್ಯರು ವೇದಿಕೆಗೆ ಬರಲು ಮತ್ತು ದೀಪಕ್ಕೆ. ತಯಾರಿ 5. ಹಾಗಾಗಿ 6:15ಕ್ಕೆ ಮಕ್ಕಳ ನೃತ್ಯ, 6 ನಿಮಿಷ, ತಯಾರಿ 4. 6:25ಕ್ಕೆ ಭಾವಗೀತೆ 15, ತಯಾರಿ 5. 6:45ಕ್ಕೆ ಡೊಳ್ಳು ಕುಣಿತ 12, ತಯಾರಿ 3. 7:00ಕ್ಕೆ ಅತಿಥಿಗಳ ಮಾತು ಮತ್ತು ಸನ್ಮಾನ 25, ತಯಾರಿ 5. 7:30ಕ್ಕೆ ಭರತನಾಟ್ಯ 15, ತಯಾರಿ 5. 7:50ಕ್ಕೆ ಯಕ್ಷಗಾನದ ಒಂದು ತುಣುಕು 40, ತಯಾರಿ 10, ಯಾಕೆಂದರೆ ಹಿಮ್ಮೇಳದವರು ಏಳಬೇಕು, ಮೈಕ್‌ಗಳನ್ನು ಎತ್ತಬೇಕು, ನಾಟಕದ ಸಾಮಾನು ಬರಬೇಕು. 8:40ಕ್ಕೆ ಕಿರುನಾಟಕ 35, ತಯಾರಿ 5. 9:20ಕ್ಕೆ ವಂದನಾರ್ಪಣೆ 10. 9:30ಕ್ಕೆ ಊಟ.

ತಯಾರಿ ಕಾಲಂ ಒಂದನ್ನೇ ಕೂಡಿದರೆ 42 ನಿಮಿಷ! ಬರೀ ಕಾರ್ಯಕ್ರಮದ ನಿಮಿಷಗಳನ್ನು ಕೂಡಿದವರಿಗೆ ಇದೇ ಸಂಜೆ 8:48ಕ್ಕೇ ಮುಗಿಯುವಂತೆ ಕಾಣುತ್ತದೆ. ಸಂಜೆಯ ಕಾರ್ಯಕ್ರಮಗಳು ತಡವಾಗುವುದು ಬಹುಪಾಲು ಈ ಕಾಣದ ನಿಮಿಷಗಳಿಂದಲೇ ಅಂತ ನನ್ನ ಅನುಭವ. ಕಲಾವಿದರನ್ನು ಬೈದು ಪ್ರಯೋಜನವಿಲ್ಲ, ಪಟ್ಟಿಯಲ್ಲೇ ಅವರಿಗೆ ಜಾಗ ಕೊಟ್ಟಿರುವುದಿಲ್ಲ.

ಇನ್ನು ಅತಿಥಿಗಳು ಬರುವುದು 20 ನಿಮಿಷ ತಡ ಅಂತ ಫೋನ್ ಬಂತು ಅಂದುಕೊಳ್ಳಿ. ಮೊದಲ ಮನೆಯಲ್ಲಿ 6:20 ಅಂತ ಬರೆದರೆ ಸಾಕು, ಕೊನೇ ಸಾಲು ಮುಗಿಯುವುದು 9:50ಕ್ಕೆ ಅಂತ ತಕ್ಷಣ ಗೊತ್ತಾಗುತ್ತದೆ. ಬಯಲಲ್ಲಿ ಧ್ವನಿವರ್ಧಕ ರಾತ್ರಿ 10ಕ್ಕೆ ನಿಲ್ಲಿಸಬೇಕು, ಉಳಿದಿದ್ದು ಹತ್ತೇ ನಿಮಿಷ. ಅತಿಥಿಗಳ ಸಾಲು 7:20ಕ್ಕೆ ಹೋಗುವ ಬದಲು, ನೃತ್ಯ, ಭಾವಗೀತೆ ಎಲ್ಲ ಸಮಯಕ್ಕೇ ಶುರುಮಾಡಿ ದೀಪ ಬೆಳಗುವುದನ್ನು ನಡುವೆ ತಂದರೆ ಹೇಗೆ ಅನ್ನುವುದನ್ನೂ ಇಲ್ಲೇ ಹಾಕಿ ನೋಡಬಹುದು. ಸಮಿತಿಯವರ ಮುಂದೆ ಫೋನ್ ಹಿಡಿದು ತೋರಿಸಿದರೆ ಚರ್ಚೆ ಬೇಗ ಮುಗಿಯುತ್ತದೆ.

ಶೀಟಿನ ಕಾಟಗಳೂ ಇವೆ. ಸಮಯದ ಮನೆಯಲ್ಲಿ ‘ಸಂಜೆ 6:00’ ಅಂತ ಬರೆದರೆ ಅದು ಬರೀ ಅಕ್ಷರ, ಸಮಯವಲ್ಲ, ಕೆಳಗೆಲ್ಲ `#VALUE!` ಬರುತ್ತದೆ. ಗುರುತು ಹಿಡಿಯುವುದು ಸುಲಭ: ನೀವು ಏನೂ ಬದಲಿಸದಿದ್ದರೆ ಸಮಯ ಮನೆಯ ಬಲಕ್ಕೆ ಕೂರುತ್ತದೆ, ಅಕ್ಷರ ಎಡಕ್ಕೆ. ‘ಸಂಜೆ’ ಅನ್ನುವುದನ್ನು ತಲೆಸಾಲಿಗೆ ಹಾಕಿ, ಮನೆಯಲ್ಲಿ ಸುಮ್ನೆ 6:00 ಅಂತ ಬರೆಯಿರಿ. ಶೀಟ್ ಅದನ್ನು ಬೆಳಗಿನ ಆರು ಅಂದುಕೊಂಡರೂ ಹಾಳೆಯ ಮೇಲೆ 6:00 ಅಂತಲೇ ಬರುತ್ತದೆ, ಲೆಕ್ಕಕ್ಕೂ ಏನೂ ಆಗುವುದಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಶುರುವಾಗುವ ಕಾರ್ಯಕ್ರಮಕ್ಕೆ ಮಾತ್ರ ಈ ಉಪಾಯ ನಡೆಯದು, ಒಂದು ಗಂಟೆ 13:00 ಆಗಿಬಿಡುತ್ತದೆ. ಅಲ್ಲಿ `h:mm AM/PM` ಫಾರ್ಮ್ಯಾಟ್ ಬೇಕು.

ಸಾಲನ್ನು ಎಳೆದು ಜಾಗ ಬದಲಿಸಿದಾಗ ಸೂತ್ರಗಳು ತಮ್ಮ ಹಳೇ ನೆಂಟರನ್ನೇ ಹಿಡಿದುಕೊಂಡಿರುತ್ತವೆ. ಸಮಯದ ಕಾಲಂ ಮೇಲಿಂದ ಕೆಳಗೆ ಏರುತ್ತಾ ಹೋಗದೆ ನಡುವೆ ಹಿಂದಕ್ಕೆ ಹಾರಿದರೆ ಇದೇ ಕಾರಣ. ಎರಡನೇ ಕಾರ್ಯಕ್ರಮದ ಸೂತ್ರ ಸರಿಯಿದೆಯೇ ನೋಡಿ, ಮತ್ತೆ ಕೊನೇ ತನಕ ಎಳೆದುಬಿಡಿ.

ಪ್ರಿಂಟ್ ವಿಷಯದಲ್ಲಿ ಎಕ್ಸೆಲ್ ನನಗೆ ಸಮಾಧಾನ ಕೊಟ್ಟಿಲ್ಲ. ಉದ್ದದ ಹೆಸರುಪಟ್ಟಿ ಪರದೆ ಮೇಲೆ ಪೂರ್ತಿ ಕಾಣುತ್ತದೆ, ಹಾಳೆಯಲ್ಲಿ ಕೊನೇ ಸಾಲು ಮಾಯ. ಹಾಗಾಗಿ ನಾನು ಶೀಟಿನಲ್ಲಿ ಲೆಕ್ಕ ಮುಗಿಸಿ, ನಿಮಿಷ ಮತ್ತು ತಯಾರಿ ಕಾಲಂ ಬಿಟ್ಟು ಉಳಿದ ಮೂರನ್ನು ವರ್ಡ್ ಟೇಬಲ್‌ಗೆ ತಂದು ಪಿಡಿಎಫ್ ಮಾಡುತ್ತೇನೆ. ಪಿಡಿಎಫ್ ಒಳಗೆ ಫಾಂಟೂ ಸೇರಿರುತ್ತದೆ, ಪ್ರಿಂಟ್ ಅಂಗಡಿಯಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೂ ಚಿಂತೆಯಿಲ್ಲ. ವೇದಿಕೆ ಹಿಂದಿನವರಿಗೆ ಮಾತ್ರ ಐದೂ ಕಾಲಂ ಇರುವ ಹಾಳೆ.

ಯಾರಾದರೂ ಹೆಸರುಗಳನ್ನು ಹಳೇ ನುಡಿ ಫಾಂಟಿನಲ್ಲಿ ಕಳಿಸಿದರೆ ಅದು ನಿಮ್ಮಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣಬಹುದು. ಮೊದಲು ಯೂನಿಕೋಡ್‌ಗೆ ಬದಲಿಸಿ, ಆಮೇಲೆ ಕಾಲಂ ಅಗಲ ಗೊತ್ತುಮಾಡಿ.

ಡಿಸೈನ್ ಆ್ಯಪ್‌ಗಳನ್ನೂ ನೋಡಿದ್ದೇನೆ. ಪೋಸ್ಟರಿಗೆ ಚೆನ್ನ, ಕೆಂಪು ಹಳದಿ ಬಣ್ಣ ಹಾಕಿ ಅಂದವಾಗಿ ಮಾಡಬಹುದು. ಆದರೆ ಪ್ರತಿ ಸಮಯವೂ ಬೇರೆ ಬೇರೆ ಪೆಟ್ಟಿಗೆಯಾಗಿರುವ ಹಾಳೆಯಲ್ಲಿ ಒಂದು ಕಾರ್ಯಕ್ರಮ ಸೇರಿಸಿದರೆ ಕೆಳಗಿನದೆಲ್ಲ ಕೈಯಲ್ಲಿ ಜರುಗಿಸಬೇಕು, ಕೊನೇ ದಿನಕ್ಕೆ ಬೇಡ.

ಯಾವ ದಾರಿ ಹಿಡಿದರೂ ಹಾಳೆಯ ಮೂಲೆಯಲ್ಲಿ ‘ಮಧ್ಯಾಹ್ನ 3:30ರ ಪಟ್ಟಿ’ ಅಂತ ಚಿಕ್ಕದಾಗಿ ಹಾಕಿ. ಹಳೇ ಪ್ರಿಂಟ್ ನಿರೂಪಕರ ಕೈಯಲ್ಲಿ, ಹೊಸದು ಸೌಂಡ್‌ನವರ ಹತ್ತಿರ ಇದ್ದರೆ ಭರತನಾಟ್ಯದ ಹೆಸರು ಕರೆದಾಗ ಯಕ್ಷಗಾನದವರ ಮೈಕ್ ತೆರೆದಿರುತ್ತದೆ. ಹೊಸ ಹಾಳೆ ಹಂಚುವಾಗ ಹಳೆಯದನ್ನು ಕೇಳಿ ವಾಪಸ್ ತೆಗೆದುಕೊಳ್ಳಿ.