ಮೆನು ಫೋಟೊ ಕೆಳಗೆ ರೇಟು ಬರೆಯುವ ಮೂರು ಬಗೆ: ಯಾವುದು ಕೆಲಸಕ್ಕೆ ಬರುತ್ತದೆ?

ಫೋಟೊ ಒಂದೇ: ಬಾಳೆಎಲೆಯ ಮೇಲೆ ಎರಡು ಕೋಸಂಬರಿ, ಎರಡು ಪಲ್ಯ, ಗೊಜ್ಜು, ಚಿತ್ರಾನ್ನ, ಆಂಬೊಡೆ, ಹೋಳಿಗೆ, ಅನ್ನ, ತೊವ್ವೆ. ಗೃಹಪ್ರವೇಶ, ನಾಮಕರಣಗಳಿಗೆ ಹೆಚ್ಚಾಗಿ ಕೇಳುವ ಊಟ ಇದು. ಕೇಟರಿಂಗ್ ಮಾಡುವ ನಾವು ಇದಕ್ಕೆ ಮೂರು ಬಗೆಯ ಕ್ಯಾಪ್ಷನ್ ಹಾಕಿ ನೋಡಿದ್ದೇವೆ.

ಮೊದಲನೆಯದು, "ಎಲ್ಲಾ ಶುಭ ಸಮಾರಂಭಗಳಿಗೆ ಶುಚಿ ರುಚಿಯಾದ ಊಟ. ರೇಟಿಗಾಗಿ ಕರೆ ಮಾಡಿ." ಕರೆ ಮಾಡಿದವರೆಲ್ಲ ಮೊದಲು ಕೇಳುವುದು "ಎಲೆಗೆ ಎಷ್ಟು?" ಎಂದೇ. ಎಷ್ಟು ಜನ, ಯಾವ ದಿನ ಎಂದು ನಾವು ತಿರುಗಿ ಕೇಳಿದ ಕೂಡಲೇ ಅರ್ಧ ಜನ "ಆಮೇಲೆ ಹೇಳ್ತೀವಿ" ಅನ್ನುತ್ತಾರೆ. ವರಪೂಜೆಯಿಂದ ಬೀಗರೂಟದವರೆಗೆ ಕೂತು ಮೆನು ಗೊತ್ತುಮಾಡುವ ದೊಡ್ಡ ಮದುವೆಗೆ ಮಾತ್ರ ಈ ಬರಹ ಸರಿ. ಅಲ್ಲಿ ಒಂದೇ ರೇಟು ಹೇಳಲು ಸಾಧ್ಯವೂ ಇಲ್ಲ.

ಎರಡನೆಯದು, "ಎಲೆಗೆ ₹250ರಿಂದ ಆರಂಭ." ಮೂರರಲ್ಲಿ ಹೆಚ್ಚು ವಿಚಾರಣೆ ತರುವುದು ಇದೇ, ಹೆಚ್ಚು ಜಗಳ ತರುವುದೂ ಇದೇ. ಓದುವವರ ಕಣ್ಣಿಗೆ 250 ಮಾತ್ರ ಬೀಳುತ್ತದೆ, "ರಿಂದ" ಬೀಳುವುದಿಲ್ಲ. ಆ 250 ಎಲ್ಲಿಂದ ಬಂತೆಂದು ಲೆಕ್ಕ ಹಾಕಿದರೆ ತೊಂದರೆ ಗೊತ್ತಾಗುತ್ತದೆ. ದಿನಸಿ, ತರಕಾರಿ, ಎಲೆ, ನಮ್ಮ ಲಾಭ ಸೇರಿ ಎಲೆಗೆ ₹150 ಎಂದಿಟ್ಟುಕೊಳ್ಳಿ. ಭಟ್ಟರ ಕೂಲಿ, ಬಡಿಸುವವರು, ಗ್ಯಾಸ್, ಪಾತ್ರೆ ಸಾಗಿಸುವ ಗಾಡಿ ಇವು ಐವತ್ತು ಎಲೆಗೂ ನೂರು ಎಲೆಗೂ ಹೆಚ್ಚುಕಡಿಮೆ ಒಂದೇ, ₹15,000 ಅನ್ನೋಣ. ನೂರು ಎಲೆಗೆ ಹಂಚಿದರೆ 150 ಮತ್ತು 150, ಒಟ್ಟು ₹300. ಐವತ್ತೇ ಎಲೆಯಾದರೆ ₹450. ಮುನ್ನೂರು ಎಲೆಗೆ ಜನ ಹೆಚ್ಚು ಬೇಕು, ಆ ಖರ್ಚು ₹30,000ಕ್ಕೆ ಏರಿದರೂ ಎಲೆಗೆ ₹250ಕ್ಕೆ ಇಳಿಯುತ್ತದೆ. ಅಂದರೆ ಕ್ಯಾಪ್ಷನ್ ಹೇಳುವುದು ಮುನ್ನೂರು ಎಲೆಯ ರೇಟು, ಫೋನ್ ಮಾಡುವವರದು ಅರವತ್ತು ಜನರ ನಾಮಕರಣ. ಅವರಿಗೆ ನಾವು ಸುಳ್ಳು ಹೇಳಿದಂತೆಯೇ ಕಾಣುತ್ತದೆ. ಹೋಳಿಗೆ ಬಿಟ್ಟು 250 ಮಾಡಿಕೊಡುವುದು ಇನ್ನೂ ಕೆಟ್ಟದ್ದು. ಫೋಟೊದಲ್ಲಿರುವ ಎಲೆಗೇ ರೇಟು ಇರಬೇಕು.

ಮೂರನೆಯದು ಎಲೆಯ ಲೆಕ್ಕದ ಮೇಲೆ ರೇಟು:

"ಫೋಟೊದಲ್ಲಿರುವ ಹೋಳಿಗೆ ಊಟ: 50 ಎಲೆಗೆ ತಲಾ ₹450, 100ಕ್ಕೆ ₹300, 300ಕ್ಕೆ ₹250. ಜಿಎಸ್‌ಟಿ ಬೇರೆ. ಬಡಿಸುವವರು, ಎಲೆ ಎತ್ತುವವರು ಸೇರಿ. ನೀರಿನ ಬಾಟಲಿ, ಐಸ್‌ಕ್ರೀಂ, ಬೀಡ ಬೇರೆ. ಸಾಮಾನ್ಯ ದಿನಕ್ಕೆ 15 ದಿನ ಮೊದಲು, ಮದುವೆ ಮುಹೂರ್ತಕ್ಕೆ 2 ತಿಂಗಳು ಮೊದಲು ತಿಳಿಸಿ. ಎಲೆ ಲೆಕ್ಕ 3 ದಿನ ಮೊದಲು ಖಚಿತಪಡಿಸಿ."

ವಿಚಾರಣೆ ಕಡಿಮೆಯಾಗುತ್ತದೆ, ಆದರೆ ಕರೆ ಮಾಡುವವರು "ಗುರುವಾರ, ನೂರಿಪ್ಪತ್ತು ಎಲೆ, ಡೇಟ್ ಖಾಲಿ ಇದೆಯಾ?" ಎಂದೇ ಮಾತು ಶುರುಮಾಡುತ್ತಾರೆ. ನಾವು ಉಳಿಸಿಕೊಂಡಿದ್ದು ಇದನ್ನೇ. ಜಿಎಸ್‌ಟಿ ಮಾತನ್ನು ಬಿಡಬೇಡಿ: ನೂರು ಎಲೆಯ ₹30,000ಕ್ಕೆ ಶೇ 5ರಂತೆ ₹1,500 ಬಿಲ್ಲಿನಲ್ಲಿ ಕಂಡಾಗ ಸಮಾರಂಭದ ಮನೆಯಲ್ಲಿ ಆಗುವ ಬೇಸರವನ್ನು ಯಾವ ರುಚಿಯೂ ಸರಿಮಾಡದು.

ಎಷ್ಟು ದಿನ ಮೊದಲು ತಿಳಿಸಬೇಕೆಂಬ ಸಾಲಿನಲ್ಲೂ ಇದೇ ವ್ಯತ್ಯಾಸ. "ಇಂದೇ ಬುಕ್ ಮಾಡಿ" ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಎಲ್ಲಕ್ಕೂ "15 ದಿನ ಮೊದಲು" ಎಂದು ಬರೆದರೆ ಮುಹೂರ್ತದ ದಿನ ಕೈಕೊಡುತ್ತದೆ. ದಿನಸಿ ಎರಡು ದಿನದಲ್ಲಿ ಸಿಗುತ್ತದೆ, ಸಿಗದಿರುವುದು ಜನ. ಒಳ್ಳೆಯ ಮುಹೂರ್ತದಂದು ಊರಿನ ಛತ್ರಗಳೆಲ್ಲ ತುಂಬಿರುತ್ತವೆ, ಭಟ್ಟರೂ ಬಡಿಸುವ ಹುಡುಗರೂ ಅವೇ ಕೆಲವು ತಂಡದವರು. ಅದೇ ಆಷಾಢದಲ್ಲಿ ಮದುವೆಗಳಿರುವುದಿಲ್ಲ, ಐದು ದಿನ ಮೊದಲು ಹೇಳಿದರೂ ಸಣ್ಣ ಊಟ ಮಾಡಿಕೊಡಬಹುದು. ಆ ತಿಂಗಳು ಕ್ಯಾಪ್ಷನ್‌ನಲ್ಲಿ ಅದನ್ನು ಬದಲಿಸುತ್ತೇವೆ.

ಎಲೆ ಲೆಕ್ಕದ ಮೂರು ದಿನವೂ ಸುಮ್ಮನೆ ಇಟ್ಟಿದ್ದಲ್ಲ. ಬಾಳೆಎಲೆ, ತರಕಾರಿಗೆ ಹೇಳುವುದು ಆಗಲೇ. ಹಿಂದಿನ ಸಂಜೆ "ಇನ್ನೊಂದು ನಲವತ್ತು ಎಲೆ" ಅಂದರೆ ಹುಳಿ, ಸಾರು ಹೇಗೋ ಹೆಚ್ಚಿಸಬಹುದು, ಹೋಳಿಗೆ ಹೆಚ್ಚಿಸಲು ಬೇಯಿಸುವ ಕೈ ಇರುವುದಿಲ್ಲ.

ಉದ್ದದ ಕ್ಯಾಪ್ಷನ್‌ಗೆ ಒಂದು ಕೊರತೆ ಇದೆ. ಇನ್‌ಸ್ಟಾಗ್ರಾಂನಲ್ಲಿ ಮೊದಲ ಒಂದೆರಡು ಸಾಲು ಮಾತ್ರ ಕಂಡು ಉಳಿದದ್ದು ಮುಚ್ಚಿಕೊಳ್ಳುತ್ತದೆ, ಹಾಗಾಗಿ ರೇಟು ಮೊದಲು ಬರಲಿ, ಹೊಗಳಿಕೆ ಬೇಡ. ವಾಟ್ಸ್‌ಆ್ಯಪ್‌ನಲ್ಲಿ ಬರಹ ತೆಗೆದು ಫೋಟೊ ಮಾತ್ರ ಮುಂದಕ್ಕೆ ಕಳಿಸಬಹುದು, ವರ್ಷದ ನಂತರ ಅದೇ ಫೋಟೊ ಹಿಡಿದು ಹಳೇ ರೇಟು ಕೇಳುವವರೂ ಇರುತ್ತಾರೆ. ಫೋಟೊದ ಮೂಲೆಯಲ್ಲೇ "100 ಎಲೆಗೆ ತಲಾ ₹300, ಈ ತಿಂಗಳ ಕೊನೆಯವರೆಗೆ" ಎಂದು ತಿಂಗಳು, ವರ್ಷದ ಹೆಸರು ಸೇರಿಸಿ ಬರೆದುಬಿಡಿ.