ಟಿಕ್ ಹಾಕಿದ ದಿನದಿಂದ ಎಣಿಸಬೇಕು: ಕ್ಯಾಲೆಂಡರ್, ಟು-ಡೂ ಆ್ಯಪ್, ಸ್ಕ್ರಿಪ್ಟ್ ಮೂರನ್ನೂ ಬಳಸಿ ನೋಡಿದ ಮೇಲೆ

ನಮ್ಮ ಮನೆಯ ನೀರಿನ ಪ್ಯೂರಿಫೈಯರ್‌ನ ಫಿಲ್ಟರ್ ಆರು ತಿಂಗಳಿಗೊಮ್ಮೆ ಬದಲಾಗಬೇಕು. ಇದನ್ನು ಮೊಬೈಲ್ ಕ್ಯಾಲೆಂಡರ್‌ನಲ್ಲಿ ಜನವರಿ 10 ಮತ್ತು ಜುಲೈ 10ಕ್ಕೆ ಪುನರಾವರ್ತನೆಯಾಗುವಂತೆ ಹಾಕಿಟ್ಟು ನಿಶ್ಚಿಂತನಾಗಿದ್ದೆ. ಆ ಜನವರಿಯಲ್ಲಿ ರಿಮೈಂಡರ್ ಬಂದದ್ದು ಬಸ್ಸಿನಲ್ಲಿ ನಿಂತಿದ್ದಾಗ. ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಚೀಲ. ಹೆಬ್ಬೆರಳಿನಿಂದ ಅದನ್ನು ಪಕ್ಕಕ್ಕೆ ಸರಿಸಿದೆ, ಅಲ್ಲಿಗೆ ಮುಗಿಯಿತು. ಮಾರ್ಚ್ 2ರಂದು ಕೊಡ ತುಂಬಲು ಎಂದಿಗಿಂತ ದುಪ್ಪಟ್ಟು ಹೊತ್ತು ಹಿಡಿದಾಗ ನೆನಪಾಗಿ ಫಿಲ್ಟರ್ ಬದಲಿಸಿದ್ದಾಯಿತು. ಜುಲೈ 10ಕ್ಕೆ ಕ್ಯಾಲೆಂಡರ್ ಮತ್ತೆ ಕೂಗಿತು. ನಾನು ಲೆಕ್ಕ ಹಾಕದೆ ಮೆಕ್ಯಾನಿಕ್‌ನನ್ನು ಕರೆಸಿದೆ, ಅವನು ನಾಲ್ಕೇ ತಿಂಗಳ ಫಿಲ್ಟರ್ ತೆಗೆದು ಹೊಸದನ್ನು ಹಾಕಿ 1,400 ರೂಪಾಯಿ ತೆಗೆದುಕೊಂಡು ಹೋದ. ಮುಂದಿನ ಜನವರಿಯಲ್ಲಿ ರಿಮೈಂಡರ್ ಬಂದಾಗ 'ಮೊನ್ನೆ ಮೊನ್ನೆ ದಂಡ ತೆತ್ತಿದ್ದೇನೆ, ಈ ಸಲ ಸ್ವಲ್ಪ ತಡೆಯೋಣ' ಎಂದುಕೊಂಡೆ. ಆ ತಡೆ ಜುಲೈವರೆಗೆ ಹೋಯಿತು. ಅಂದರೆ ಒಂದು ಫಿಲ್ಟರ್ ನಾಲ್ಕು ತಿಂಗಳು, ಇನ್ನೊಂದು ಹನ್ನೆರಡು ತಿಂಗಳು.

ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ಆ ತಪ್ಪಿಗೆ ಜಾಗ ಮಾಡಿಕೊಟ್ಟದ್ದು ಕ್ಯಾಲೆಂಡರ್. ನಾನು ಕೆಲಸ ಮಾಡಿದೆನೋ ಬಿಟ್ಟೆನೋ ಎಂಬುದು ಅದಕ್ಕೆ ಗೊತ್ತೇ ಆಗುವುದಿಲ್ಲ. ಅದು ದಿನಾಂಕವನ್ನು ತೋರಿಸುತ್ತದೆ, ದಿನ ಕಳೆದ ಮೇಲೆ ಮುಂದಿನದಕ್ಕೆ ಹೋಗುತ್ತದೆ. ಫಿಲ್ಟರ್‌ನ ಆಯುಸ್ಸು ಶುರುವಾಗುವುದು ಅದನ್ನು ಕೂರಿಸಿದ ದಿನದಿಂದ. ಜನವರಿ 10ಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಾಗಾಗಿ ನನ್ನ ಪಕ್ಷಪಾತವನ್ನು ಈಗಲೇ ಹೇಳಿಬಿಡುತ್ತೇನೆ: ಮನೆಗೆಲಸದ ಮಟ್ಟಿಗೆ ಟು-ಡೂ ಆ್ಯಪ್ ಗೆದ್ದಿದೆ. ಎಲ್ಲ ಟು-ಡೂ ಆ್ಯಪ್ ಅಲ್ಲ, ಟಿಕ್ ಹಾಕಿದ ದಿನದಿಂದ ಮುಂದಿನ ಸರದಿಯನ್ನು ಎಣಿಸುವ ಆ್ಯಪ್ ಮಾತ್ರ. ಈ ವ್ಯತ್ಯಾಸ ತಿಳಿಯದೆ ನಾನು ಮೊದಲು ಒಂದು ಆ್ಯಪ್‌ಗೆ ಇಡೀ ವರ್ಷದ ಚಂದಾ ಕಟ್ಟಿದೆ. ಬಣ್ಣ, ವಿನ್ಯಾಸ, ವಿಜೆಟ್ ಎಲ್ಲವೂ ಚೆನ್ನಾಗಿದ್ದವು. ಪುನರಾವರ್ತನೆ ಮಾತ್ರ ಕ್ಯಾಲೆಂಡರ್‌ನಂತೆಯೇ ನಿಗದಿತ ದಿನದಿಂದ. ಕೆಲಸವನ್ನು ಎರಡು ತಿಂಗಳು ತಡವಾಗಿ ಮುಗಿಸಿದರೂ ಅದು ಹಳೆಯ ದಿನದಿಂದಲೇ ಆರು ತಿಂಗಳು ಎಣಿಸುತ್ತಿತ್ತು. ಕ್ಯಾಲೆಂಡರ್ ಮಾಡುತ್ತಿದ್ದ ತಪ್ಪನ್ನೇ ದುಡ್ಡು ಕೊಟ್ಟು ಮಾಡಿಸಿಕೊಂಡ ಹಾಗಾಯಿತು.

ಚಂದಾ ಕಟ್ಟುವ ಮೊದಲು ಎರಡು ನಿಮಿಷದ ಪರೀಕ್ಷೆಯೊಂದನ್ನು ಮಾಡಬಹುದು. ಇಂದು 20ನೇ ತಾರೀಖು ಎಂದಿಟ್ಟುಕೊಳ್ಳಿ. ಮೂರು ದಿನಕ್ಕೊಮ್ಮೆ ಬರುವ ಒಂದು ಸುಳ್ಳು ಕೆಲಸವನ್ನು 15ನೇ ತಾರೀಖಿಗೆ ಹಾಕಿ, ಈಗ ಟಿಕ್ ಮಾಡಿ. ಮುಂದಿನ ದಿನ 23 ಎಂದು ತೋರಿಸಿದರೆ ಅದು ಮುಗಿಸಿದ ದಿನದಿಂದ ಎಣಿಸುತ್ತಿದೆ. 18 ಅಥವಾ 21 ಎಂದರೆ ಹಳೆಯ ದಿನಾಂಕಕ್ಕೇ ಅಂಟಿಕೊಂಡಿದೆ. ಈಗ ನಾನು ಬಳಸುತ್ತಿರುವುದು ಆಂಡ್ರಾಯ್ಡ್‌ನ ಟಾಸ್ಕ್ಸ್.ಆರ್ಗ್. ಅದರಲ್ಲಿ ಪುನರಾವರ್ತನೆ ನಿಗದಿತ ದಿನದಿಂದ ಇರಬೇಕೋ ಮುಗಿಸಿದ ದಿನದಿಂದ ಇರಬೇಕೋ ಎಂದು ಪ್ರತಿಯೊಂದು ಕೆಲಸಕ್ಕೂ ಬೇರೆಬೇರೆಯಾಗಿ ಆರಿಸಬಹುದು. ಟೊಡೊಯಿಸ್ಟ್‌ನಲ್ಲಿ ಇದೇ ಕೆಲಸವನ್ನು ಒಂದು ಆಶ್ಚರ್ಯಸೂಚಕ ಚಿಹ್ನೆ ಮಾಡುತ್ತದೆ: `every 6 months` ಎಂದು ಬರೆದರೆ ನಿಗದಿತ ದಿನದಿಂದ, `every! 6 months` ಎಂದರೆ ಮುಗಿಸಿದ ದಿನದಿಂದ. ಇಮ್ಯಾಕ್ಸ್‌ನಲ್ಲಿ ಆರ್ಗ್ ಮೋಡ್ ಬಳಸುವವರು `+6m` ಬದಲು `.+6m` ಬರೆದರೆ ಸಾಕು. ಇಷ್ಟು ಸಣ್ಣ ಗುರುತು, ನೋಡಿದರೂ ಕಣ್ಣಿಗೆ ಬೀಳುವುದಿಲ್ಲ.

ಈ ರುಚಿ ಹತ್ತಿದ ಮೇಲೆ ನಾನು ಎಲ್ಲವನ್ನೂ ಮುಗಿಸಿದ ದಿನದಿಂದ ಎಣಿಸುವಂತೆ ಬದಲಿಸಿದೆ, ಕರೆಂಟ್ ಬಿಲ್ಲನ್ನೂ ಸೇರಿಸಿ. ಅದು ಎಡವಟ್ಟಾಯಿತು. ಬಿಲ್ಲಿನ ಕೊನೆಯ ದಿನ 20. ಊರಿಗೆ ಹೋಗಿದ್ದರಿಂದ ಒಂದು ತಿಂಗಳು 23ಕ್ಕೆ ಕಟ್ಟಿ ಟಿಕ್ ಹಾಕಿದೆ. ಆ್ಯಪ್ ನಿಷ್ಠೆಯಿಂದ ಮುಂದಿನ ತಿಂಗಳ 23ನ್ನು ತೋರಿಸಿತು. ಅದನ್ನೇ ನಂಬಿ ಎರಡು ದಿನ ತಡಮಾಡಿ ಕಟ್ಟಿದೆ. ಅದರ ಮುಂದಿನದು 25. ಬಿಲ್ ಕಳುಹಿಸುವವರು ಮಾತ್ರ 20ರಲ್ಲೇ ಇದ್ದರು. ಬಿಲ್ಲಿನಲ್ಲಿ ಬಡ್ಡಿಯ ಸಾಲು ಕಾಣಿಸಿಕೊಂಡ ಮೇಲೆ ಅದನ್ನು ನಿಗದಿತ ದಿನಕ್ಕೆ ಕಟ್ಟಿಹಾಕಿದೆ. ನಾನು ತಡಮಾಡಿದರೆ ದಿನವೂ ಜೊತೆಗೆ ಮುಂದೆ ಹೋಗುವ ಕೆಲಸಗಳಿವೆ: ಫಿಲ್ಟರ್, ಹಲ್ಲುಜ್ಜುವ ಬ್ರಷ್, ಸ್ಕೂಟರ್ ಆಯಿಲ್, ನೀರಿನ ತೊಟ್ಟಿ ತೊಳೆಯುವುದು. ನಾನು ಎಷ್ಟೇ ತಡಮಾಡಿದರೂ ಕದಲದವು ಬಿಲ್ಲು, ವಿಮೆಯ ಕಂತು, ತೆರಿಗೆ.

ಈ ಎರಡನೆಯ ಗುಂಪನ್ನು ಕ್ಯಾಲೆಂಡರ್‌ಗೇ ಬಿಡಬಹುದಲ್ಲ ಎಂದು ಕೇಳಬಹುದು. ನಾನು ಬಿಡುವುದಿಲ್ಲ. ಕಟ್ಟದ ಬಿಲ್ಲು ಟು-ಡೂ ಪಟ್ಟಿಯಲ್ಲಿ ಕೆಂಪಗೆ ಕುಳಿತು ದಿನವೂ ಮುಖ ತೋರಿಸುತ್ತದೆ. ಕ್ಯಾಲೆಂಡರ್‌ನಲ್ಲಿ ನಿನ್ನೆಯ ಚೌಕದೊಳಗೆ ಸದ್ದಿಲ್ಲದೆ ಉಳಿದುಬಿಡುತ್ತದೆ.

ಕ್ಯಾಲೆಂಡರ್‌ನ ಇನ್ನೊಂದು ಕೊಂಕನ್ನೂ ಹೇಳಬೇಕು. 'ಪ್ರತಿ ತಿಂಗಳು 31' ಎಂದು ಹಾಕಿದರೆ ಸಾಮಾನ್ಯವಾಗಿ ವರ್ಷಕ್ಕೆ ಏಳೇ ಸಲ ಬರುತ್ತದೆ. ಕ್ಯಾಲೆಂಡರ್‌ಗಳು ಅನುಸರಿಸುವ ಐಕ್ಯಾಲೆಂಡರ್ ನಿಯಮವೇ ಹಾಗಿದೆ. ಇಲ್ಲದ ದಿನಾಂಕವನ್ನು ಹಿಂದಿನ ದಿನಕ್ಕೆ ತಳ್ಳುವುದಿಲ್ಲ, ಬಿಟ್ಟುಬಿಡುತ್ತದೆ. ತಿಂಗಳ ಕೊನೆಯ ಕೆಲಸಗಳನ್ನು 28ಕ್ಕೆ ಹಾಕಿದರೆ ಈ ತಂಟೆ ಇಲ್ಲ.

ಕ್ಯಾಲೆಂಡರ್‌ಗೆ ನನ್ನ ಬಳಿ ಉಳಿದಿರುವ ಕೆಲಸವೆಂದರೆ ನಾನು ಏನೂ ಮಾಡದಿದ್ದರೂ ಬಂದೇ ಬರುವ ದಿನಗಳು: ಹುಟ್ಟುಹಬ್ಬಗಳು, ನಮ್ಮ ಬೀದಿಗೆ ನೀರು ಬಿಡುವ ದಿನ, ಅಪ್ಪನ ತಿಥಿ. ಹೆಂಡತಿಯ ಮೊಬೈಲ್‌ನಲ್ಲೂ ಅದೇ ಕ್ಯಾಲೆಂಡರ್ ಕಾಣುತ್ತದೆ ಎನ್ನುವುದು ದೊಡ್ಡ ಅನುಕೂಲ.

ಅಪ್ಪನ ತಿಥಿಯಿಂದಲೇ ನಾನು ಸ್ಕ್ರಿಪ್ಟ್ ಬರೆಯಲು ಕುಳಿತದ್ದು. ಅವರು ತೀರಿಕೊಂಡದ್ದು ಶ್ರಾವಣ ಶುದ್ಧ ಷಷ್ಠಿ, ನಾಗರ ಪಂಚಮಿಯ ಮರುದಿನ. ಇದಕ್ಕೆ ವರ್ಷಕ್ಕೊಮ್ಮೆ ಎಂಬ ಸಾಮಾನ್ಯ ಪುನರಾವರ್ತನೆ ಪ್ರಯೋಜನಕ್ಕೆ ಬಾರದು. ನಾಗರ ಪಂಚಮಿ 2022ರಲ್ಲಿ ಆಗಸ್ಟ್ 2ಕ್ಕೆ, 2023ರಲ್ಲಿ ಆಗಸ್ಟ್ 21ಕ್ಕೆ, 2024ರಲ್ಲಿ ಆಗಸ್ಟ್ 9ಕ್ಕೆ ಬಂತು. ಚಾಂದ್ರ ವರ್ಷಕ್ಕೆ ಸುಮಾರು 354 ದಿನ; ಹಾಗಾಗಿ ತಿಥಿ ವರ್ಷವರ್ಷವೂ ಹನ್ನೊಂದು ದಿನ ಹಿಂದೆ ಜಾರುತ್ತದೆ, ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಬಂದು ಮುಂದಕ್ಕೆ ತಳ್ಳುತ್ತದೆ. ಸೂರ್ಯನಿಗಿಂತ ಚಂದ್ರ ಹನ್ನೆರಡು ಡಿಗ್ರಿ ಮುಂದೆ ಹೋದಂತೆ ಒಂದೊಂದು ತಿಥಿ ಮುಗಿಯುತ್ತದೆ. ಈ ಕೋನವನ್ನು ಲೆಕ್ಕ ಹಾಕಲು ಪೈಥಾನ್‌ನಲ್ಲಿ ಸಿದ್ಧ ಸಾಧನಗಳಿವೆ, ಒಂದು ಭಾನುವಾರದ ಕೆಲಸ ಎಂದುಕೊಂಡೆ.

ಕೋನದ ಲೆಕ್ಕ ನಿಜಕ್ಕೂ ಸುಲಭವಾಗಿತ್ತು. 2023ರ ಜುಲೈ ಮಧ್ಯದಲ್ಲಿ ಸ್ಕ್ರಿಪ್ಟ್ 'ಇನ್ನು ಹತ್ತು ದಿನಕ್ಕೆ ತಿಥಿ' ಎಂದಿತು. ನಾನು ಪುರೋಹಿತರಿಗೆ ಫೋನ್ ಮಾಡಲು ಹೊರಟಾಗ ಅಮ್ಮ ಕೇಳಿದರು: "ಈ ಸಲ ಅಧಿಕ ಶ್ರಾವಣ ಅಲ್ಲವೇನೋ? ಅದು ಮುಗಿದು ನಿಜ ಶ್ರಾವಣ ಬರಲಿ, ಈಗಲೇ ಯಾರಿಗೆ ಫೋನ್ ಮಾಡುತ್ತೀಯ?" ಆ ವರ್ಷ ಅಧಿಕ ಮಾಸ ಜುಲೈ 18ರಿಂದ ಆಗಸ್ಟ್ 16ರವರೆಗೆ ಇತ್ತು. ನಮ್ಮ ಮನೆಯಲ್ಲಿ ಶ್ರಾದ್ಧ ನಡೆಯುವುದು ನಿಜ ಮಾಸದಲ್ಲಿ. ನನ್ನ ಸ್ಕ್ರಿಪ್ಟ್ ಮೊದಲು ಸಿಕ್ಕ ಶ್ರಾವಣವನ್ನೇ ಹಿಡಿದುಕೊಂಡಿತ್ತು, ಹೆಚ್ಚುಕಡಿಮೆ ಒಂದು ತಿಂಗಳು ಮೊದಲೇ.

ಅಧಿಕ ಮಾಸವನ್ನು ತಿದ್ದಿದೆ. ಆಗ ಇನ್ನೊಂದು ಗಂಟು ಎದುರಾಯಿತು. ತಿಥಿ ನಡುರಾತ್ರಿಗೆ ಶುರುವಾಗಿ ನಡುರಾತ್ರಿಗೆ ಮುಗಿಯುವುದಿಲ್ಲ. ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ ಆರಂಭವಾಗಿ ಮರುದಿನ ಒಂಬತ್ತಕ್ಕೆ ಮುಗಿಯಬಹುದು. ಹಬ್ಬಕ್ಕೆ ಹೆಚ್ಚಾಗಿ ಸೂರ್ಯೋದಯದ ತಿಥಿಯನ್ನು ನೋಡಿದರೆ, ಶ್ರಾದ್ಧಕ್ಕೆ ಅಪರಾಹ್ನದಲ್ಲಿ ಯಾವ ತಿಥಿ ಇದೆ ಎಂದು ನೋಡುತ್ತಾರೆ. ಎರಡೂ ದಿನ ಅಪರಾಹ್ನಕ್ಕೆ ತಾಗಿದರೆ ಮತ್ತೆ ಬೇರೆ ನಿಯಮ. ಇದರ ಮೇಲೆ ಪಂಚಾಂಗದಿಂದ ಪಂಚಾಂಗಕ್ಕೆ ಗಣಿತವೇ ಬೇರೆ, ದೃಕ್ ಒಂದು, ಸೂರ್ಯಸಿದ್ಧಾಂತ ಇನ್ನೊಂದು. ನನ್ನ ಲೆಕ್ಕ ಎಷ್ಟು ಸರಿಯಾಗಿದ್ದರೂ ಪುರೋಹಿತರ ಕೈಯಲ್ಲಿರುವ ಪಂಚಾಂಗಕ್ಕೆ ಹೊಂದದಿದ್ದರೆ ಅದರಿಂದ ಉಪಯೋಗವಿಲ್ಲ.

ನಾಲ್ಕು ಭಾನುವಾರ ಕಳೆದ ಮೇಲೆ ಸ್ಕ್ರಿಪ್ಟ್ ಅಳಿಸಿದೆ. ಈಗ ಯುಗಾದಿಗೆ ಹೊಸ ಪಂಚಾಂಗ ಬಂದಾಗ ಅಮ್ಮನ ಪಕ್ಕ ಕುಳಿತು ಆ ವರ್ಷದ ನಾಲ್ಕೈದು ತಿಥಿಗಳನ್ನು ಕ್ಯಾಲೆಂಡರ್‌ಗೆ ಕೈಯಿಂದಲೇ ಹಾಕುತ್ತೇನೆ, ಪುನರಾವರ್ತನೆ ಇಲ್ಲದೆ. ಹತ್ತು ನಿಮಿಷ ಸಾಕು. 'ಮುಂದಿನ ಯುಗಾದಿಗೆ ಪಂಚಾಂಗ ನೋಡು' ಎಂಬುದೂ ಅದೇ ಪಟ್ಟಿಯ ಕೊನೆಯ ಸಾಲು.

ಹಾಗಾದರೆ ಸ್ಕ್ರಿಪ್ಟ್ ಯಾವುದಕ್ಕೆ? ನನ್ನ ಅನುಭವದಲ್ಲಿ ದಿನಾಂಕಕ್ಕಲ್ಲ, ಸ್ಥಿತಿಗೆ. ಲ್ಯಾಪ್‌ಟಾಪ್‌ನ ಬ್ಯಾಕಪ್ ವಾರಕ್ಕೊಮ್ಮೆ ಆಗಬೇಕು. ಟು-ಡೂ ಆ್ಯಪ್ ಇದನ್ನು ನೆನಪಿಸಿದರೆ ನಾನು ಆಮೇಲೆ ಮಾಡಿದರಾಯಿತೆಂದು ಟಿಕ್ ಹಾಕಿಬಿಡುತ್ತೇನೆ. ಆ್ಯಪ್ ನನ್ನ ಮಾತನ್ನು ನಂಬುತ್ತದೆ. ಸ್ಕ್ರಿಪ್ಟ್ ನನ್ನನ್ನು ಕೇಳುವುದಿಲ್ಲ, ಫೈಲನ್ನೇ ನೋಡುತ್ತದೆ:

```
find ~/backup -name '*.tar.gz' -mtime -8 | grep -q . \
  || echo "ಬ್ಯಾಕಪ್ ಆಗಿಲ್ಲ"
```

ಎಂಟು ದಿನದೊಳಗಿನ ಬ್ಯಾಕಪ್ ಫೈಲ್ ಇದ್ದರೆ ಮೌನ, ಇಲ್ಲದಿದ್ದರೆ ಗದರಿಕೆ. ಮೊದಲು ಇದನ್ನು ಕ್ರಾನ್‌ನಲ್ಲಿ ಬೆಳಿಗ್ಗೆ ಏಳಕ್ಕೆ ಹಾಕಿದ್ದೆ. ಏಳಕ್ಕೆ ನನ್ನ ಲ್ಯಾಪ್‌ಟಾಪ್ ಮುಚ್ಚಿರುತ್ತದೆ, ತಪ್ಪಿದ ಸರದಿಯನ್ನು ಕ್ರಾನ್ ಮತ್ತೆ ಓಡಿಸುವುದಿಲ್ಲ. ಹಾಗಾಗಿ ಮೂರು ವಾರ ಒಂದು ಮಾತೂ ಬರಲಿಲ್ಲ, ನಾನು ಎಲ್ಲವೂ ಸರಿಯಿದೆ ಎಂದುಕೊಂಡಿದ್ದೆ. ಈಗ ಈ ಸಾಲುಗಳು `.bashrc` ಫೈಲಿನಲ್ಲಿವೆ. ಟರ್ಮಿನಲ್ ತೆರೆದಾಗಲೆಲ್ಲ ಓಡುತ್ತವೆ, ನಾನು ದಿನಕ್ಕೆ ಹತ್ತು ಸಲ ತೆರೆಯುತ್ತೇನೆ. ಟರ್ಮಿನಲ್ ತೆರೆಯದವರಿಗೆ ಇದರಿಂದ ಪ್ರಯೋಜನವಿಲ್ಲ, ಅವರು ಸ್ಕ್ರಿಪ್ಟ್‌ನ ಗೋಜಿಗೇ ಹೋಗಬೇಕಾಗಿಲ್ಲ.

ದಿನವೂ ನುಂಗುವ ಮಾತ್ರೆಗೆ ಈ ಮೂರೂ ಬೇಡ, ಮೊಬೈಲಿನ ಅಲಾರಂ ಸಾಕು.

ಖರ್ಚಿನ ಲೆಕ್ಕ ಕೇಳಿದರೆ: ಆ ಚಂದಾವನ್ನು ಮುಂದುವರಿಸಲಿಲ್ಲ, ಈಗಿನ ಮೂರಕ್ಕೂ ನಾನು ಒಂದು ಪೈಸೆ ಕೊಟ್ಟಿಲ್ಲ. ಟು-ಡೂ ಪಟ್ಟಿಯಲ್ಲಿ ಮರಳಿ ಮರಳಿ ಬರುವ ಹದಿನಾಲ್ಕು ಕೆಲಸಗಳಿವೆ. ಒಂಬತ್ತು ಮುಗಿಸಿದ ದಿನದಿಂದ, ಐದು ನಿಗದಿತ ದಿನದಿಂದ. ಫಿಲ್ಟರನ್ನು ಕಳೆದ ಸಲ ಹತ್ತು ದಿನ ತಡವಾಗಿ ಬದಲಿಸಿದೆ, ಮುಂದಿನ ಸರದಿಯೂ ಹತ್ತು ದಿನ ಮುಂದಕ್ಕೆ ಹೋಗಿ ಕುಳಿತಿದೆ. ಹೊಸ ಫಿಲ್ಟರ್ ಹಾಕುವಾಗ ಮೆಕ್ಯಾನಿಕ್ ತನ್ನ ಚೀಟಿಯನ್ನು ಯಂತ್ರದ ಮೇಲೆ ಅಂಟಿಸಿ ಹೋದ. ಅದರಲ್ಲಿ ಅವನು ಬರೆದಿರುವ ದಿನ ಮೂರೇ ತಿಂಗಳಾಚೆಗಿನದು.